ಮರಳಿ ಉದ್ಯೋಗಕ್ಕೆ ಬರುವ ತಾಯಂದಿರು ಲೆಕ್ಕಪತ್ರ ಹುದ್ದೆಯ ಸಂದರ್ಶನಕ್ಕೆ ಸಿದ್ಧರಾಗುವ ಬಗ್ಗೆ ಮಾಹಿತಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ

ವಾಣಿಜ್ಯ ಪದವಿ ಪಡೆದು ಕೆಲವು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ, ಹೆರಿಗೆ ಮತ್ತು ಮಕ್ಕಳ ಪಾಲನೆಯ ಕಾರಣದಿಂದ ಉದ್ಯೋಗ ಬಿಟ್ಟಿದ್ದ ತಾಯಂದಿರು ಪುನಃ ಕೆಲಸಕ್ಕೆ ಅರ್ಜಿ ಸಲ್ಲಿಸುವಾಗ ಸಂದರ್ಶನಕ್ಕೆ ಯಾವ ರೀತಿ ಸಿದ್ಧರಾಗಬೇಕು ಎಂಬ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಎಲ್ಲಾ ಬಗೆಯ ಉದ್ಯೋಗಗಳನ್ನು ಇಲ್ಲಿ ಒಳಗೊಂಡಿರುವುದಿಲ್ಲ. ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಘಟಕಗಳಲ್ಲಿಯೂ ಪಟ್ಟಣಗಳ ವ್ಯಾಪಾರ ಸಂಸ್ಥೆಗಳಲ್ಲಿಯೂ ಇರುವ ಲೆಕ್ಕಪತ್ರ ಸಹಾಯಕರ ಹುದ್ದೆಯನ್ನು ಮಾತ್ರ ಗಮನದಲ್ಲಿಟ್ಟುಕೊಂಡು ವಿವರಿಸಲಾಗಿದೆ.

ಹೀಗೆ ಸೀಮಿತಗೊಳಿಸಲು ಕಾರಣವಿದೆ. 2016ರ ಆಸುಪಾಸಿನಲ್ಲಿ ಕೆಲಸ ಬಿಟ್ಟ ಲೆಕ್ಕಿಗರು ಮನೆಯಲ್ಲಿದ್ದ ಅವಧಿಯಲ್ಲಿಯೇ ಅವರು ಕಲಿತಿದ್ದ ತೆರಿಗೆ ಪದ್ಧತಿ ಬದಲಾಯಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಜಾರಿಗೆ ಬಂದು, ರಾಜ್ಯದ ಮೌಲ್ಯವರ್ಧಿತ ತೆರಿಗೆಯಾದ ವ್ಯಾಟ್, ಕೇಂದ್ರ ಅಬಕಾರಿ ಸುಂಕ ಮತ್ತು ಸೇವಾ ತೆರಿಗೆಗಳು ಬಹುತೇಕ ಸರಕು ಹಾಗೂ ಸೇವೆಗಳ ಮಟ್ಟಿಗೆ ಇಲ್ಲವಾದವು. ಆದುದರಿಂದ ಇಂತಹ ಅಭ್ಯರ್ಥಿಗೆ ಸಂದರ್ಶನದಲ್ಲಿ ನಿಜವಾಗಿ ಎದುರಾಗುವ ಪ್ರಶ್ನೆ "ಇಷ್ಟು ವರ್ಷ ಏಕೆ ಮನೆಯಲ್ಲಿದ್ದಿರಿ?" ಎಂಬುದಲ್ಲ. "ಈಗಿನ ಲೆಕ್ಕ ನಿಮ್ಮಿಂದ ಆಗುತ್ತದೆಯೇ?" ಎಂಬುದು. ಮೊದಲನೆಯದಕ್ಕೆ ಎರಡು ವಾಕ್ಯ ಸಾಕು. ಎರಡನೆಯದಕ್ಕೆ ಮೂರು ನಾಲ್ಕು ವಾರಗಳ ಅಭ್ಯಾಸ ಬೇಕಾಗುತ್ತದೆ.

ವಿವರಣೆಗಾಗಿ ಒಬ್ಬ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳೋಣ. ಇವರು ಚನ್ನಪಟ್ಟಣದವರು, ಬಿ.ಕಾಂ. ಪದವೀಧರೆ. 2011ರ ಜುಲೈನಿಂದ 2016ರ ಮಾರ್ಚ್‌ವರೆಗೆ ಒಂದು ವ್ಯಾಪಾರ ಸಂಸ್ಥೆಯಲ್ಲಿ ಖರೀದಿ ಮತ್ತು ಮಾರಾಟದ ಲೆಕ್ಕ ಬರೆದು, ವ್ಯಾಟ್ ವಿವರಪಟ್ಟಿ ಸಿದ್ಧಪಡಿಸುತ್ತಿದ್ದರು. ಇಬ್ಬರು ಮಕ್ಕಳು, ಕಿರಿಯ ಮಗು ಈಗ ಒಂದನೇ ತರಗತಿಗೆ ಸೇರಿದೆ. ಬಿಡದಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಘಟಕದಿಂದ ಇವರಿಗೆ ಸಂದರ್ಶನದ ಕರೆ ಬಂದಿದೆ.

ಸ್ವವಿವರದಲ್ಲಿ ವಿರಾಮದ ಅವಧಿ

ಕೆಲಸ ಬಿಟ್ಟ ದಿನಾಂಕವನ್ನು ಮುಂದೂಡಿ ಬರೆಯುವಂತೆ ಪರಿಚಿತರು ಕೆಲವೊಮ್ಮೆ ಸಲಹೆ ನೀಡುವುದುಂಟು. ಈ ಸಲಹೆಯನ್ನು ಪಾಲಿಸಬಾರದು. ನೌಕರರ ಭವಿಷ್ಯ ನಿಧಿಗೆ 2014ರಿಂದ ಪ್ರತಿ ಸದಸ್ಯರಿಗೂ ಒಂದೇ ಸಾರ್ವತ್ರಿಕ ಖಾತೆ ಸಂಖ್ಯೆ, ಅಂದರೆ ಯುಎಎನ್, ನೀಡಲಾಗುತ್ತಿದೆ. ಹೊಸ ಸಂಸ್ಥೆಯೂ ಅದೇ ಸಂಖ್ಯೆಗೆ ವಂತಿಗೆ ಕಟ್ಟಬೇಕಾಗಿರುವುದರಿಂದ ಸೇರುವಾಗ ಹಿಂದಿನ ಸಂಖ್ಯೆಯನ್ನು ಕೇಳಲಾಗುತ್ತದೆ. ಆ ಸಂಖ್ಯೆಯ ಸೇವಾ ವಿವರದಲ್ಲಿ ಹಿಂದಿನ ಸಂಸ್ಥೆಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳು ಇರುತ್ತವೆ. ಸ್ವವಿವರದಲ್ಲಿ 2019 ಎಂದೂ ಸೇವಾ ವಿವರದಲ್ಲಿ 2016 ಎಂದೂ ಇದ್ದಲ್ಲಿ, ಲೆಕ್ಕ ಬರೆಯುವ ಹುದ್ದೆಗೆ ಅಂತಹವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಹಿಂದಿನ ಸಂಸ್ಥೆಯವರು ಬಿಟ್ಟ ದಿನಾಂಕವನ್ನು ನಮೂದಿಸದೇ ಹೋಗಿದ್ದಲ್ಲಿ, ದಾಖಲೆಯಲ್ಲಿ ಅಭ್ಯರ್ಥಿಯು ಇನ್ನೂ ಅಲ್ಲಿಯೇ ಇರುವಂತೆ ಕಾಣುತ್ತದೆ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳು ಕಳೆದಿದ್ದಲ್ಲಿ, ಭವಿಷ್ಯ ನಿಧಿಯ ಸದಸ್ಯರ ಅಂತರಜಾಲ ಪುಟದಲ್ಲಿ Mark Exit ಎಂಬ ಆಯ್ಕೆಯ ಮೂಲಕ ಸದಸ್ಯರೇ ಈ ದಿನಾಂಕವನ್ನು ನಮೂದಿಸಬಹುದಾಗಿದೆ. ಸಂದರ್ಶನಕ್ಕೆ ಮೊದಲೇ ಇದನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಕೆಲಸ ಬಿಟ್ಟಾಗ ಹಣ ಪೂರ್ತಿ ಹಿಂಪಡೆದಿದ್ದರೂ ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ. ಎರಡನೆಯ ಸಂಖ್ಯೆಯನ್ನು ಮಾಡಿಸಿಕೊಳ್ಳಬಾರದು.

ಆದುದರಿಂದ ಸ್ವವಿವರದಲ್ಲಿ ಒಂದೇ ಸಾಲು ಇರಲಿ: "2016ರ ಏಪ್ರಿಲ್‌ನಿಂದ ಇಲ್ಲಿಯವರೆಗೆ: ಮಕ್ಕಳ ಪಾಲನೆಗಾಗಿ ಉದ್ಯೋಗದಿಂದ ವಿರಾಮ." ಈ ಅವಧಿಯಲ್ಲಿ ನಿಜವಾಗಿ ಲೆಕ್ಕದ ಕೆಲಸ ಮಾಡಿದ್ದಲ್ಲಿ ಮಾತ್ರ ಅದರ ಕೆಳಗೆ ಸೇರಿಸಬೇಕು. ಸ್ತ್ರೀಶಕ್ತಿ ಸ್ವಸಹಾಯ ಸಂಘದ ಪುಸ್ತಕಗಳನ್ನು ಬರೆದವರು ಈ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಆದರೆ "ಸಂಘದ ಪ್ರತಿನಿಧಿಯಾಗಿದ್ದೆ" ಎಂದಷ್ಟೇ ಬರೆಯುವವರೇ ಹೆಚ್ಚು. ಸದಸ್ಯರು ಎಷ್ಟು, ಉಳಿತಾಯ ಮತ್ತು ಆಂತರಿಕ ಸಾಲದ ಖಾತೆ ಯಾರು ಬರೆದರು, ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ನಗದು ಪುಸ್ತಕವನ್ನು ಎಷ್ಟು ದಿನಕ್ಕೊಮ್ಮೆ ತಾಳೆ ನೋಡಲಾಗುತ್ತಿತ್ತು ಎಂಬುದನ್ನು ಬರೆದರೆ ಅದು ಅನುಭವವಾಗುತ್ತದೆ.

ವಿಳಾಸ ಮತ್ತು ಹೆಸರಿನ ಬಗ್ಗೆ ಒಂದು ಮಾತು. ಈ ಭಾಗವು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ಹೀಗಾಗಿ ಒಬ್ಬರದೇ ದಾಖಲೆಗಳಲ್ಲಿ ಮೂರು ಜಿಲ್ಲೆಗಳ ಹೆಸರು ಕಾಣಿಸಬಹುದು. ಇದು ದೋಷವಲ್ಲ, ಕೇಳಿದಲ್ಲಿ ಹೀಗೆಂದು ತಿಳಿಸಿದರೆ ಸಾಕು. ಆದರೆ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಪತಿಯ ಹೆಸರು ಇರುವುದು ಭವಿಷ್ಯ ನಿಧಿಯ ದಾಖಲೆಗೆ ಹೊಂದಿಕೆಯಾಗದೇ ತೊಡಕಾಗುತ್ತದೆ. ಇದನ್ನು ಸರಿಪಡಿಸಲು ಸಮಯ ಹಿಡಿಯುವುದರಿಂದ ಮೊದಲೇ ನೋಡಿಕೊಳ್ಳತಕ್ಕದ್ದು.

ವಿರಾಮದ ಪ್ರಶ್ನೆಗೆ ಉತ್ತರ

ನಮ್ಮ ಅಭ್ಯರ್ಥಿಯನ್ನು ಕೇಳಲಾಗುತ್ತದೆ: "ಇಷ್ಟು ವರ್ಷ ಏನು ಮಾಡುತ್ತಿದ್ದಿರಮ್ಮಾ?" ಅನೇಕರು ಇಲ್ಲಿ ಮನೆಯ ಪರಿಸ್ಥಿತಿ, ಅತ್ತೆಯವರ ಅನಾರೋಗ್ಯ, ಪತಿಯವರ ವರ್ಗಾವಣೆ ಎಲ್ಲವನ್ನೂ ಹೇಳಲು ಆರಂಭಿಸುತ್ತಾರೆ. ಐದು ನಿಮಿಷ ಅದರಲ್ಲಿಯೇ ಕಳೆಯುತ್ತದೆ; ಕೇಳುವವರಿಗೆ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ. ಸಾಕಾಗುವ ಉತ್ತರ ಹೀಗಿರಬಹುದು: "ಮಕ್ಕಳು ಚಿಕ್ಕವರಿದ್ದುದರಿಂದ 2016ರಲ್ಲಿ ಕೆಲಸ ಬಿಟ್ಟೆ ಸರ್. ಈಗ ಇಬ್ಬರೂ ಶಾಲೆಗೆ ಹೋಗುತ್ತಿದ್ದಾರೆ. ನಾನು ಬಿಟ್ಟಾಗ ವ್ಯಾಟ್ ಇತ್ತು, ಆದ್ದರಿಂದ ಕಳೆದ ತಿಂಗಳಿಂದ ಜಿಎಸ್‌ಟಿ ನಮೂದುಗಳನ್ನು ಅಭ್ಯಾಸ ಮಾಡಿದ್ದೇನೆ." ಮೂರನೆಯ ವಾಕ್ಯವು ಮಾತನ್ನು ಕೆಲಸದ ಕಡೆಗೆ ತಿರುಗಿಸುತ್ತದೆ. ಹಾಗೆ ಹೇಳಿದ ಮೇಲೆ ಪ್ರಶ್ನೆ ಬರುವುದು ಖಚಿತ. ಆದ್ದರಿಂದ ನಿಜವಾಗಿ ಅಭ್ಯಾಸ ಮಾಡಿದ್ದಲ್ಲಿ ಮಾತ್ರ ಹೇಳಬೇಕು.

ಹಳೆಯ ತಿಳಿವಳಿಕೆಯನ್ನು ಹೊಸದಕ್ಕೆ ಜೋಡಿಸುವುದು

ತಾವು ಕಲಿತದ್ದೆಲ್ಲಾ ವ್ಯರ್ಥವಾಯಿತು ಎಂಬ ಭಾವನೆಯಿಂದ ಕೆಲವರು ಹಳೆಯ ಅನುಭವವನ್ನೇ ಹೇಳುವುದಿಲ್ಲ. ವಾಸ್ತವವಾಗಿ ಕರ್ನಾಟಕದಲ್ಲಿ ವ್ಯಾಟ್ ಕೆಲಸ ಮಾಡಿದವರಿಗೆ ಇದು ಪೂರ್ತಿ ಹೊಸ ಲೋಕವಲ್ಲ. ಸರಕು ಸಾಗಿಸುವಾಗ ಅಂದು ಇ-ಸುಗಮ್ ಸಂಖ್ಯೆ ಪಡೆಯಲಾಗುತ್ತಿತ್ತು. ಇಂದು ಸಾಮಾನ್ಯವಾಗಿ 50,000 ರೂ.ಗಳಿಗಿಂತ ಹೆಚ್ಚಿನ ಮೌಲ್ಯದ ಸರಕಿಗೆ ಇ-ವೇ ಬಿಲ್ ಪಡೆಯಬೇಕು. ಖರೀದಿ ಮತ್ತು ಮಾರಾಟದ ಬಿಲ್ಲುವಾರು ವಿವರವನ್ನು ಅಂದು ಇ-ಉಪಾಸ್‌ನಲ್ಲಿ ತುಂಬಲಾಗುತ್ತಿತ್ತು. ಇಂದು ಮಾರಾಟದ ವಿವರ ಜಿಎಸ್‌ಟಿಆರ್-1ರಲ್ಲಿ ಹೋಗುತ್ತದೆ. ಅಂದಿನ ವ್ಯಾಟ್ 100 ನಮೂನೆಯ ಸ್ಥಾನದಲ್ಲಿ ಇಂದು ಜಿಎಸ್‌ಟಿಆರ್-3ಬಿ ಇದೆ. ಸಂದರ್ಶನದಲ್ಲಿ ಈ ಮೂರು ಜೋಡಿಗಳನ್ನು ಹೇಳಬಲ್ಲವರು ಅಂದು ಕೆಲಸ ಮಾಡಿದ್ದೂ ನಿಜ, ಇಂದು ಓದಿದ್ದೂ ನಿಜ ಎಂಬುದು ಕೇಳುವವರಿಗೆ ತಿಳಿಯುತ್ತದೆ.

ವ್ಯತ್ಯಾಸ ನಿಜವಾಗಿ ಇರುವುದು ಹೂಡುವಳಿ ತೆರಿಗೆ ಜಮೆಯಲ್ಲಿ, ಅಂದರೆ ಇನ್‌ಪುಟ್ ಕ್ರೆಡಿಟ್‌ನಲ್ಲಿ. ಪ್ರಾಯೋಗಿಕ ಪರೀಕ್ಷೆಯ ಪ್ರಶ್ನೆ ಇದರಿಂದಲೇ ಬರುವುದು ಹೆಚ್ಚು. ಆದ್ದರಿಂದ ಒಂದು ತಿಂಗಳ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ನೋಡೋಣ.

ಬಿಡದಿಯ ಘಟಕವು ಬೆಂಗಳೂರಿನ ಪೂರೈಕೆದಾರರಿಂದ 1,00,000 ರೂ. ಮೌಲ್ಯದ ಸರಕು ಖರೀದಿಸಿದೆ. ತೆರಿಗೆ ದರ ಶೇ. 18. ಖರೀದಿ ರಾಜ್ಯದೊಳಗೇ ನಡೆದಿರುವುದರಿಂದ ಕೇಂದ್ರದ ಪಾಲು, ಅಂದರೆ ಸಿಜಿಎಸ್‌ಟಿ, 9,000 ರೂ. ಮತ್ತು ರಾಜ್ಯದ ಪಾಲು, ಅಂದರೆ ಎಸ್‌ಜಿಎಸ್‌ಟಿ, 9,000 ರೂ. ಬಿಲ್ಲಿನಲ್ಲಿರುತ್ತದೆ. ಅದೇ ತಿಂಗಳು ತಮಿಳುನಾಡಿನ ಹೊಸೂರಿನಿಂದ 50,000 ರೂ. ಸರಕು ಬಂದಿದೆ. ಇದು ಅಂತರರಾಜ್ಯ ಖರೀದಿಯಾದ್ದರಿಂದ ಐಜಿಎಸ್‌ಟಿ ಎಂದು ಒಂದೇ ಮೊತ್ತ 9,000 ರೂ. ಇರುತ್ತದೆ. ತಿಂಗಳ ಮಾರಾಟ, ರಾಜ್ಯದೊಳಗೆ, 2,00,000 ರೂ. ಇದರ ಮೇಲಿನ ತೆರಿಗೆ ಸಿಜಿಎಸ್‌ಟಿ 18,000 ಮತ್ತು ಎಸ್‌ಜಿಎಸ್‌ಟಿ 18,000, ಒಟ್ಟು 36,000 ರೂ.

ಹೊಂದಾಣಿಕೆ ಮಾಡುವಾಗ ಐಜಿಎಸ್‌ಟಿ ಜಮೆಯನ್ನು ಮೊದಲು ಮುಗಿಸಬೇಕು. 9,000 ರೂ.ಗಳನ್ನು ಎರಡೂ ಕಡೆಗೆ 4,500ರಂತೆ ಹಂಚೋಣ. ಆಗ ಸಿಜಿಎಸ್‌ಟಿ 18,000ದಲ್ಲಿ 4,500 ಮತ್ತು 9,000 ಕಳೆದು 4,500 ಉಳಿಯುತ್ತದೆ, ಎಸ್‌ಜಿಎಸ್‌ಟಿಯಲ್ಲಿಯೂ ಅಷ್ಟೇ. ಘಟಕವು ನಗದಾಗಿ ಕಟ್ಟಬೇಕಾದದ್ದು 9,000 ರೂ. ಸಿಜಿಎಸ್‌ಟಿ ಜಮೆಯನ್ನು ಎಸ್‌ಜಿಎಸ್‌ಟಿಗೆ ಕಟ್ಟಬಹುದೇ ಎಂದು ಕೇಳುವುದುಂಟು. ಕಟ್ಟಲಾಗದು; ರಾಜ್ಯದ ಪಾಲಿನ ಜಮೆಯನ್ನು ಕೇಂದ್ರದ ಪಾಲಿಗೂ ಕಟ್ಟಲಾಗದು.

ವ್ಯಾಟ್ ಕಾಲದಲ್ಲಿ ಹೊಸೂರಿನ ಖರೀದಿಗೆ ಸಿ ನಮೂನೆ ಕೊಟ್ಟು ಶೇ. 2ರ ಕೇಂದ್ರ ಮಾರಾಟ ತೆರಿಗೆ, ಅಂದರೆ 1,000 ರೂ., ಕೊಡಲಾಗುತ್ತಿತ್ತು. ಅದು ಜಮೆಯಾಗಿ ಮರಳುತ್ತಿರಲಿಲ್ಲ. ಸರಕಿನ ಬೆಲೆಯಲ್ಲಿಯೇ ಸೇರುತ್ತಿತ್ತು. ಹಳೆಯ ಅಭ್ಯಾಸದಲ್ಲಿ ಐಜಿಎಸ್‌ಟಿಯನ್ನೂ ಖರೀದಿ ಖಾತೆಗೆ ಸೇರಿಸಿಬಿಡುವುದು ಮರಳಿ ಬಂದ ಲೆಕ್ಕಿಗರಿಂದ ಆಗುವ ತಪ್ಪು. ಖರೀದಿ ಖಾತೆಯ ಮೊತ್ತ 1,50,000ಕ್ಕೆ ಬದಲಾಗಿ 1,59,000 ಎಂದು ಕಂಡಲ್ಲಿ ಈ ತಪ್ಪು ನಡೆದಿದೆ ಎಂದು ತಿಳಿಯಬಹುದು.

ಇನ್ನು ಸಂದರ್ಶಕರ ಮುಂದಿನ ಪ್ರಶ್ನೆ: "ಹೊಸೂರಿನವರ ಬಿಲ್ಲು ನಿಮ್ಮ ಕೈಯಲ್ಲಿದೆ, ಸರಕೂ ಬಂದಿದೆ. ಜಮೆ ತೆಗೆದುಕೊಳ್ಳುತ್ತೀರಾ?" ವ್ಯಾಟ್ ಕೆಲಸ ಮಾಡಿದವರು "ಹೌದು" ಎನ್ನುತ್ತಾರೆ, ಏಕೆಂದರೆ ಅಂದು ಕೈಯಲ್ಲಿರುವ ಬಿಲ್ಲೇ ಮುಖ್ಯ ಆಧಾರವಾಗಿತ್ತು. 2022ರ ಜನವರಿ 1ರಿಂದ ಇಷ್ಟು ಸಾಲದು. ಪೂರೈಕೆದಾರರು ಆ ಬಿಲ್ಲನ್ನು ತಮ್ಮ ಜಿಎಸ್‌ಟಿಆರ್-1ರಲ್ಲಿ ತೋರಿಸಿ, ಅದು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಳ್ಳಬೇಕು. ಪ್ರತಿ ತಿಂಗಳು ವಿವರ ಸಲ್ಲಿಸುವವರ ಮಟ್ಟಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಜಿಎಸ್‌ಟಿಆರ್-2ಬಿ ಸಿದ್ಧವಾಗುವುದು 14, ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಲು 20. ಹೊಸೂರಿನವರು 11ರೊಳಗೆ ತೋರಿಸದಿದ್ದಲ್ಲಿ 9,000 ರೂ. ಜಮೆ ಈ ತಿಂಗಳು ಸಿಗುವುದಿಲ್ಲ. ಆಗ ಘಟಕ ಕಟ್ಟಬೇಕಾದದ್ದು 9,000 ಅಲ್ಲ, 18,000 ರೂ.

ಸರಿಯಾದ ಉತ್ತರ ಹೀಗೆ: "ಬಿಲ್ಲನ್ನು ಪುಸ್ತಕಕ್ಕೆ ತರುತ್ತೇನೆ, ಆದರೆ ಜಿಎಸ್‌ಟಿಆರ್-2ಬಿಯಲ್ಲಿ ಬಂದಿದೆಯೇ ಎಂದು ನೋಡುತ್ತೇನೆ. ಬಂದಿಲ್ಲವಾದರೆ ಈ ತಿಂಗಳು ಜಮೆ ತೆಗೆದುಕೊಳ್ಳದೆ, ಪೂರೈಕೆದಾರರಿಗೆ ತಿಳಿಸಿ, ಕಾಣಿಸಿಕೊಂಡ ತಿಂಗಳು ತೆಗೆದುಕೊಳ್ಳುತ್ತೇನೆ." ಪ್ರತಿ ತಿಂಗಳ 10ರ ಹೊತ್ತಿಗೆ ಪೂರೈಕೆದಾರರಿಗೆ ದೂರವಾಣಿ ಮಾಡಿ ನೆನಪಿಸುವುದು ಲೆಕ್ಕಪತ್ರ ಸಹಾಯಕರ ಕೆಲಸವೇ ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. ಈ ಒಂದು ಉತ್ತರವು ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಪುಸ್ತಕಗಳಿಂದ ಓದುವವರಿಗೆ ಎರಡು ಎಚ್ಚರಿಕೆಗಳು. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ದರಗಳಲ್ಲಿದ್ದ ಬಹುತೇಕ ಸರಕುಗಳು ಬೇರೆ ದರಗಳಿಗೆ ಬದಲಾಗಿವೆ. ಅದಕ್ಕೂ ಹಿಂದಿನ ದರಪಟ್ಟಿಯನ್ನು ಕಂಠಪಾಠ ಮಾಡಬಾರದು. ಹಾಗೆಯೇ 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2025ರ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಲಾಗಿದ್ದು, ಮೂಲದಲ್ಲಿ ತೆರಿಗೆ ಕಡಿತದ ಕಲಂಗಳ ಸಂಖ್ಯೆಗಳು ಅದರಲ್ಲಿ ಬೇರೆಯಾಗಿವೆ. ಗುತ್ತಿಗೆದಾರರ ಕಡಿತಕ್ಕೆ 194ಸಿ ಎಂದು ನೆನಪಿರುವವರು "ಹಳೆಯ ಕಾಯ್ದೆಯಲ್ಲಿ" ಎಂಬ ಪದ ಸೇರಿಸಿ ಹೇಳುವುದು ಕ್ಷೇಮ.

ಗಣಕಯಂತ್ರದ ಪರೀಕ್ಷೆ

ಟ್ಯಾಲಿ ಇಆರ್‌ಪಿ 9ರಲ್ಲಿ ಕೆಲಸ ಮಾಡಿದವರಿಗೆ 2020ರಲ್ಲಿ ಬಂದ ಟ್ಯಾಲಿ ಪ್ರೈಮ್ ಮೊದಲ ನೋಟಕ್ಕೆ ಅಪರಿಚಿತವಾಗಿ ಕಾಣುತ್ತದೆ. ಮುಖ್ಯ ಕೀಲಿಗಳು ಹಾಗೆಯೇ ಇವೆ: ಪಾವತಿಗೆ F5, ಸ್ವೀಕೃತಿಗೆ F6, ಜರ್ನಲ್‌ಗೆ F7, ಮಾರಾಟಕ್ಕೆ F8, ಖರೀದಿಗೆ F9. ಬದಲಾದದ್ದು ಕ್ರೆಡಿಟ್ ನೋಟ್ ಮತ್ತು ಡೆಬಿಟ್ ನೋಟ್. ಹಿಂದೆ Ctrl+F8 ಮತ್ತು Ctrl+F9 ಇದ್ದದ್ದು ಈಗ Alt+F6 ಮತ್ತು Alt+F5 ಆಗಿದೆ. ಬೆರಳು ಹಳೆಯದನ್ನೇ ಒತ್ತಿ ಗಾಬರಿಯಾಗುವುದು ಇಲ್ಲಿಯೇ. ದಾರಿ ತಪ್ಪಿದಲ್ಲಿ Alt+G ಒತ್ತಿ ಬೇಕಾದುದರ ಹೆಸರು ಟೈಪು ಮಾಡಿದರೆ ಅಲ್ಲಿಗೆ ಹೋಗಬಹುದು.

ಅಭ್ಯಾಸಕ್ಕಾಗಿ ತಂತ್ರಾಂಶವನ್ನು ಖರೀದಿಸಬೇಕಾಗಿಲ್ಲ. ಅದರ ಶೈಕ್ಷಣಿಕ ವಿಧಾನವನ್ನು ಉಚಿತವಾಗಿ ಬಳಸಬಹುದು. ಆದರೆ ಅದರಲ್ಲಿ ತಿಂಗಳ ಕೆಲವೇ ದಿನಾಂಕಗಳಿಗೆ, ಸಾಮಾನ್ಯವಾಗಿ 1, 2 ಮತ್ತು ಕೊನೆಯ ದಿನಕ್ಕೆ, ನಮೂದು ಮಾಡಲು ಅವಕಾಶವಿರುತ್ತದೆ. ಇದು ತಿಳಿಯದೆ ತಂತ್ರಾಂಶ ಕೆಟ್ಟಿದೆ ಎಂದು ಭಾವಿಸಿ ಬಿಟ್ಟವರಿದ್ದಾರೆ. ಮೇಲಿನ ಮೂರು ವ್ಯವಹಾರಗಳನ್ನು ಈ ದಿನಾಂಕಗಳಲ್ಲಿಯೇ ನಮೂದಿಸಿ, ಕಟ್ಟಬೇಕಾದ ತೆರಿಗೆ 9,000 ಬರುವವರೆಗೂ ಮಾಡಿ ನೋಡಬೇಕು.

ಮಕ್ಕಳ ಮತ್ತು ಪ್ರಯಾಣದ ಪ್ರಶ್ನೆ

ನೇಮಕಾತಿಯಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಆ ನಿಷೇಧವಿದೆ. ಆದರೂ "ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಬರುತ್ತದೆ. ಅಸಮಾಧಾನ ಸಹಜವೇ. ಆದರೆ ಉದ್ಯೋಗ ಬೇಕೆನ್ನುವವರಿಗೆ ವ್ಯವಸ್ಥೆಯನ್ನು ಹೇಳುವುದು ಪ್ರಯೋಜನಕರ, ಭರವಸೆಯನ್ನಲ್ಲ. "ತೊಂದರೆಯಾಗುವುದಿಲ್ಲ ಸರ್" ಎಂಬುದು ಭರವಸೆ. "ಶಾಲೆ ಬಿಡುವ ಹೊತ್ತಿಗೆ ನನ್ನ ಅತ್ತೆಯವರು ಕರೆತರುತ್ತಾರೆ, ಅವರಿಗಾಗದ ದಿನ ನನ್ನ ತಂಗಿ ಇದ್ದಾಳೆ; 10ರಿಂದ 20ರವರೆಗೆ ವಿವರಪಟ್ಟಿಗಳ ಕೆಲಸವಿರುವುದರಿಂದ ಆ ದಿನಗಳಲ್ಲಿ ನನ್ನ ಯಜಮಾನರು ರಜೆ ಹೊಂದಿಸಿಕೊಳ್ಳುತ್ತಾರೆ" ಎಂಬುದು ವ್ಯವಸ್ಥೆ. ಮನೆಯವರೊಂದಿಗೆ ಮಾತನಾಡಿ ನಿಜವಾಗಿ ಒಪ್ಪಿಗೆಯಾದದ್ದನ್ನು ಮಾತ್ರ ಹೇಳಬೇಕು. ಚಿಕ್ಕ ಮಕ್ಕಳಿರುವವರು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂಬ ನಿಯಮವಿರುವುದನ್ನು ತಿಳಿದಿರಲಿ. ಆಯ್ಕೆಯಾದ ಮೇಲೆ ಇದನ್ನು ವಿಚಾರಿಸಬಹುದು.

ಪ್ರಯಾಣದ ವಿಷಯದಲ್ಲಿ ನಾಲ್ಕು ತಾಲ್ಲೂಕುಗಳ ಸ್ಥಿತಿ ಒಂದೇ ಅಲ್ಲ. ಚನ್ನಪಟ್ಟಣ ಮತ್ತು ರಾಮನಗರದವರಿಗೆ ಬಿಡದಿಯು ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿಯೇ ಇದೆ. ಕನಕಪುರ ಮತ್ತು ಮಾಗಡಿ ಪಟ್ಟಣಗಳಿಗೆ ರೈಲು ಇಲ್ಲ. ಕನಕಪುರದವರಿಗೆ ಹಾರೋಹಳ್ಳಿಯು ಬೆಂಗಳೂರು ರಸ್ತೆಯಲ್ಲಿ ಸಿಗುತ್ತದೆ. ಮಾಗಡಿಯವರು ಬಿಡದಿಗೆ ಬಸ್ಸಿನಲ್ಲಿಯೇ ಹೋಗಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿದ್ದರಿಂದ ಖರ್ಚಿನ ಭಾರ ಇಳಿಯಿತು. ಸಮಯದ ಪ್ರಶ್ನೆ ಹಾಗೆಯೇ ಉಳಿದಿದೆ. ಸಂದರ್ಶನಕ್ಕೆ ಒಂದೆರಡು ದಿನ ಮೊದಲು ಕೆಲಸದ ವೇಳೆಗೇ ಒಮ್ಮೆ ಹೋಗಿ ಬರುವುದು ಉತ್ತಮ. ನಿಲ್ದಾಣದಿಂದ ಕೈಗಾರಿಕಾ ಪ್ರದೇಶದ ಒಳಗಿನ ಘಟಕಕ್ಕೆ ಎಷ್ಟು ಹೊತ್ತು, ಸಂಜೆ ಕೊನೆಯ ಅನುಕೂಲದ ಬಸ್ಸು ಯಾವುದು ಎಂಬುದನ್ನು ಬರೆದಿಟ್ಟುಕೊಂಡವರು ವೇಳೆಯ ಪ್ರಶ್ನೆಗೆ ತಡವರಿಸುವುದಿಲ್ಲ. ಸಂಸ್ಥೆಯ ವಾಹನವಿದೆಯೇ, ಅದು ಎಲ್ಲಿಂದ ಹೊರಡುತ್ತದೆ ಎಂದು ಅಭ್ಯರ್ಥಿಯೇ ಕೇಳಬಹುದು.

ವೇತನ

ನಿರೀಕ್ಷಿತ ವೇತನ ಕೇಳಿದಾಗ 2016ರ ಕೊನೆಯ ಸಂಬಳವನ್ನು ಆಧಾರವಾಗಿ ಹೇಳುವುದು ಬೇಡ. ಅಂದಿನ ಬೆಲೆಗಳು ಇಂದಿಲ್ಲ. ಅದೇ ಪ್ರದೇಶದ ಬೇರೆ ಘಟಕಗಳಲ್ಲಿ ಇದೇ ಹುದ್ದೆಗೆ ಏನು ಕೊಡುತ್ತಾರೆಂದು ಪರಿಚಿತರಲ್ಲಿ ವಿಚಾರಿಸಿ ಒಂದು ಮೊತ್ತವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೇಳಿದ ಮೊತ್ತ ಕಡಿತಕ್ಕೆ ಮೊದಲಿನದೋ ಕೈಗೆ ಬರುವುದೋ ಎಂಬುದನ್ನು ಕೇಳಿ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂ. ಇದ್ದಲ್ಲಿ ಭವಿಷ್ಯ ನಿಧಿಗೆ ನೌಕರರ ಪಾಲು ಶೇ. 12ರಂತೆ 1,800 ರೂ. ಕಡಿತವಾಗುತ್ತದೆ. ಸಂಸ್ಥೆಯ ಪಾಲನ್ನೂ ಸಂಬಳದ ಮೊತ್ತದೊಳಗೇ ಸೇರಿಸಿ ಹೇಳುವ ರೂಢಿ ಕೆಲವೆಡೆ ಇದೆ. ಹಾಗಿದ್ದಲ್ಲಿ ಕೈಗೆ ಬರುವುದು ಇನ್ನೂ ಕಡಿಮೆ.

ಸಂದರ್ಶನದ ದಿನ ಮೂಲ ಅಂಕಪಟ್ಟಿ, ಹಿಂದಿನ ಸಂಸ್ಥೆಯ ಅನುಭವ ಪತ್ರ, ಯುಎಎನ್ ಬರೆದ ಚೀಟಿ, ಆಧಾರ್ ಮತ್ತು ಪಾನ್ ಪ್ರತಿಗಳನ್ನು ಒಯ್ಯಬೇಕು. ಅನುಭವ ಪತ್ರ ಕಳೆದುಹೋಗಿದ್ದು ಹಿಂದಿನ ಸಂಸ್ಥೆ ಮುಚ್ಚಿದ್ದಲ್ಲಿ, ಭವಿಷ್ಯ ನಿಧಿಯ ಸೇವಾ ವಿವರದ ಮುದ್ರಿತ ಪ್ರತಿಯನ್ನು ಅದರ ಬದಲಿಗೆ ತೋರಿಸಬಹುದು. ಮೂಲ ದಾಖಲೆಗಳನ್ನು ಪರಿಶೀಲನೆಗೆ ತೋರಿಸಿ ಅಲ್ಲಿಯೇ ಹಿಂಪಡೆಯತಕ್ಕದ್ದು. ಯಾವುದೇ ಸಂಸ್ಥೆಯಲ್ಲಿ ಬಿಟ್ಟು ಬರಬಾರದು.